ಗೈಡ್‌ಗೆ ಗಡುವು ಮುಂದೂಡಲು ಇ-ಮೇಲ್: 15 ದಿನ ಕೇಳಿದರೆ ಸಾಕಾ?

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿನಿ, ದಾವಣಗೆರೆ):
ಚಳ್ಳಕೆರೆ ತಾಲ್ಲೂಕಿನ ಶೇಂಗಾ ಬೆಳೆಗಾರರ ಸಾಲದ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದೇನೆ. 4 ಹಳ್ಳಿ, ಹಳ್ಳಿಗೆ 50 ಮನೆ, ಒಟ್ಟು 200. 128 ಮುಗಿದಿವೆ. ಸಮೀಕ್ಷೆಯ ಅಧ್ಯಾಯವನ್ನು 2025ರ ಆಗಸ್ಟ್ 14ಕ್ಕೆ ಕೊಡಬೇಕು. ಬಿತ್ತನೆ ಶುರುವಾದ ಮೇಲೆ ರೈತರು ಸಿಗಲಿಲ್ಲ. ನಾನು ಅತಿಥಿ ಉಪನ್ಯಾಸಕಿ, ಗುರುವಾರ ಮತ್ತು ಭಾನುವಾರ ಮಾತ್ರ ಬಿಡುವು. ಮೇಡಂಗೆ ಹೀಗೆ ಬರೆದಿದ್ದೇನೆ, ಇನ್ನೂ ಕಳಿಸಿಲ್ಲ: "ಕಾರಣಾಂತರಗಳಿಂದ ಕೆಲಸ ತಡವಾಗಿದೆ. 15 ದಿನ ಕಾಲಾವಕಾಶ ಕೊಡಬೇಕಾಗಿ ವಿನಂತಿ." ಸರಿ ಇದೆಯಾ?

ಉಪನ್ಯಾಸಕರು, ಹರಿಹರ:
ಮೇಲ್ ಕಳಿಸಿ ಕಾಯುವ ಬದಲು ಹೋಗಿ ಭೇಟಿಯಾಗಿ. ಎದುರು ಕೂತು ಕೇಳಿದರೆ ಯಾರೂ ಇಲ್ಲ ಅನ್ನಲ್ಲ. 15 ದಿನ ಅಂದರೆ ಮೇಡಂಗೂ ಕಡಿಮೆ ಅನಿಸುತ್ತದೆ. ಸಾಲದಿದ್ದರೆ ಇನ್ನೊಂದು ಸಲ ಕೇಳಿದರಾಯಿತು.

ನಿವೃತ್ತ ಪ್ರಾಧ್ಯಾಪಕರು, ಚಿತ್ರದುರ್ಗ:
ಭೇಟಿಯಾಗಿ ಅನ್ನುವುದು ಸರಿ. ಆದರೆ ಮೇಲ್ ಮೊದಲು ಹೋಗಲಿ, ಮಾತಿಗೆ ಒಂದು ಆಧಾರ ಇರುತ್ತದೆ. ಇನ್ನೊಂದು ಸಲ ಕೇಳಿದರಾಯಿತು ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಹಲವು ವಿದ್ಯಾರ್ಥಿಗಳಿಗೆ ಗೈಡ್ ಆಗಿದ್ದವನು ನಾನು. ಮೊದಲ ಸಲ ಎರಡು ತಿಂಗಳು ಕೇಳಿದವರ ಮೇಲೆ ನನಗೆ ಬೇಜಾರಾಗಿದ್ದು ಕಡಿಮೆ. ಹದಿನೈದು ಹದಿನೈದು ದಿನ ಅಂತ ನಾಲ್ಕು ಸಲ ಬಂದವರ ಯಾವ ತಾರೀಖನ್ನೂ ಆಮೇಲೆ ನಂಬಲು ಆಗುತ್ತಿರಲಿಲ್ಲ.

ಅದಕ್ಕೇ ಕೇಳುತ್ತೇನಮ್ಮ, ಈ 15 ಎಲ್ಲಿಂದ ಬಂತು? ಉಳಿದಿರುವುದು 72 ಮನೆ. ಆದ 128 ಮನೆಗೆ ಎಷ್ಟು ದಿನ ಓಡಾಡಿದ್ದೀರಿ, ಡೈರಿ ನೋಡಿ ಹೇಳಿ.

ವಿದ್ಯಾರ್ಥಿನಿ:
21 ದಿನ ಸರ್. ಎರಡು ಬಸ್ಸು ಹಿಡಿದು ಹೋಗಬೇಕು. ದಿನಕ್ಕೆ 10 ಮನೆ ಮಾಡಬಹುದು ಅಂತ ಅಂದುಕೊಂಡಿದ್ದೆ.

ನಿವೃತ್ತ ಪ್ರಾಧ್ಯಾಪಕರು:
ಆದದ್ದು ದಿನಕ್ಕೆ 6. ಹಾಗಾದರೆ ಯೋಜನೆಯಲ್ಲೂ 6 ಅಂತಲೇ ಹಾಕಿ. 72ಕ್ಕೆ 12 ದಿನ ಬೇಕು. ನಿಮಗೆ ಇರುವುದು ವಾರಕ್ಕೆ ಎರಡೇ ದಿನ. ಆಗಸ್ಟ್ 7ರ ಗುರುವಾರದಿಂದ ಎಣಿಸಿ. ಆಗಸ್ಟ್ 27 ಗಣೇಶನ ಹಬ್ಬ, ಮರುದಿನ 28ರ ಗುರುವಾರ ಹಳ್ಳಿಯಲ್ಲಿ ಕೂತು ಸಾಲದ ಲೆಕ್ಕ ಹೇಳುವವರು ಸಿಗುವುದಿಲ್ಲ, ಅದನ್ನು ಬಿಡಿ. ಹನ್ನೆರಡನೆಯ ದಿನ ಸೆಪ್ಟೆಂಬರ್ 18ಕ್ಕೆ ಬರುತ್ತದೆ. ಅಂದರೆ 15 ದಿನದಲ್ಲಿ ಸಮೀಕ್ಷೆಯೂ ಮುಗಿಯುವುದಿಲ್ಲ, ಬರವಣಿಗೆಯ ಮಾತು ಹಾಗಿರಲಿ. ಕೋಷ್ಟಕಗಳಿಗೆ ಇನ್ನೊಂದು ವಾರ. 22ರಿಂದ ದಸರಾ. ಅಕ್ಟೋಬರ್ 10ಕ್ಕಿಂತ ಮುಂಚಿನ ತಾರೀಖು ಕೊಡಬೇಡಿ.

"ಕಾರಣಾಂತರ" ತೆಗೆದುಹಾಕಿ. ನಿಮ್ಮ ಕಾರಣ ಗಟ್ಟಿಯಾಗಿದೆ, ಯಾಕೆ ಮುಚ್ಚಿಡುತ್ತೀರಿ? ಒಂದೇ ಸಾಲಲ್ಲಿ ಹೇಳಿ. ಆದರೆ ಬಿತ್ತನೆ ಪ್ರತಿ ವರ್ಷ ಬರುತ್ತದೆ, ಯಾಕೆ ಮೊದಲೇ ಯೋಚಿಸಲಿಲ್ಲ ಅಂತ ಮೇಡಂ ಕೇಳಬಹುದು. ಆ ತಪ್ಪನ್ನು ನೀವೇ ಒಪ್ಪಿಕೊಂಡುಬಿಡಿ.

ಇನ್ನೊಂದು ಮುಖ್ಯ. ಹಳೆಯ ಗಡುವಿನ ದಿನ ಬರಿಗೈಯಲ್ಲಿ ಇರಬೇಡಿ. 128 ಮನೆಗಳ ಮಾಹಿತಿಯಿಂದ ಏನು ಬರೆಯಬಹುದೋ ಅದನ್ನು ಆಗಸ್ಟ್ 14ಕ್ಕೇ ಕೊಡಿ. ಯೋಜನೆಯ ಪ್ರತಿ ತಾರೀಖಿನ ಮುಂದೆಯೂ ಮೇಡಂ ಕೈಗೆ ಬರುವ ವಸ್ತು ಇರಲಿ. "ಸೆಪ್ಟೆಂಬರ್: ವಿಶ್ಲೇಷಣೆ" ಅಂತ ಬರೆದರೆ ಅದು ಆಯಿತೋ ಇಲ್ಲವೋ ಯಾರಿಗೂ ಗೊತ್ತಾಗಲ್ಲ. ನಾನಾದರೆ ಹೀಗೆ ಬರೆಯುತ್ತಿದ್ದೆ:

> ವಿಷಯ: ಸಮೀಕ್ಷೆ ಅಧ್ಯಾಯ: ಗಡುವನ್ನು ಆಗಸ್ಟ್ 14ರಿಂದ ಅಕ್ಟೋಬರ್ 10ಕ್ಕೆ ಮುಂದೂಡಲು ವಿನಂತಿ
>
> ಮೇಡಂ, ನಮಸ್ಕಾರ.
>
> ಸಮೀಕ್ಷೆ ಅಧ್ಯಾಯವನ್ನು ಆಗಸ್ಟ್ 14ಕ್ಕೆ ಪೂರ್ತಿ ಕೊಡಲು ಆಗುತ್ತಿಲ್ಲ. ಅಕ್ಟೋಬರ್ 10ರವರೆಗೆ ಸಮಯ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.
>
> 200 ಮನೆಗಳಲ್ಲಿ 128 ಆಗಿವೆ. ಶೇಂಗಾ ಬಿತ್ತನೆ ಶುರುವಾದ ಮೇಲೆ ರೈತರು ಹಗಲು ಮನೆಯಲ್ಲಿ ಸಿಗಲಿಲ್ಲ. ಇದನ್ನು ನಾನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕಿತ್ತು. ಇದುವರೆಗೆ ದಿನಕ್ಕೆ ಸರಾಸರಿ 6 ಮನೆ ಆಗಿವೆ. ಅದೇ ಲೆಕ್ಕದಲ್ಲಿ ಹೊಸ ಯೋಜನೆ ಮಾಡಿದ್ದೇನೆ:
>
> ಆಗಸ್ಟ್ 14: 128 ಮನೆಗಳ ಜಮೀನು ಮತ್ತು ಕುಟುಂಬದ ವಿವರದ ಕರಡು ಕಳಿಸುತ್ತೇನೆ.
> ಆಗಸ್ಟ್ 31: ಒಟ್ಟು 170 ಮನೆ. ಮಾಹಿತಿ ತುಂಬಿದ ಹಾಳೆ ಕಳಿಸುತ್ತೇನೆ.
> ಸೆಪ್ಟೆಂಬರ್ 18: 200 ಮನೆ ಪೂರ್ಣ.
> ಸೆಪ್ಟೆಂಬರ್ 25: ಕೋಷ್ಟಕಗಳು. ತಾವು ನೋಡಿ ತಿದ್ದಿದ ಮೇಲೆ ಬರವಣಿಗೆ ಶುರು.
> ಅಕ್ಟೋಬರ್ 10: ಪೂರ್ತಿ ಅಧ್ಯಾಯ.
>
> ಆಗಸ್ಟ್ 31ಕ್ಕೆ 160 ದಾಟದಿದ್ದರೆ ಅದೇ ದಿನ ತಮಗೆ ತಿಳಿಸುತ್ತೇನೆ, ಬಂದು ಕಾಣುತ್ತೇನೆ. ಈ ತಾರೀಖುಗಳು ತಮಗೆ ಒಪ್ಪಿಗೆಯೇ, ದಯವಿಟ್ಟು ತಿಳಿಸಿ.

ಕೊನೆಗೆ ಆ 160ರ ಸಾಲು ಯಾಕೆ ಅಂದರೆ, ಯೋಜನೆ ಜಾರುತ್ತಿದೆ ಅನ್ನುವುದು ಅಕ್ಟೋಬರ್ 9ಕ್ಕೆ ಗೊತ್ತಾದರೆ ಯಾರೂ ಏನೂ ಮಾಡಲು ಆಗುವುದಿಲ್ಲ. ಆಗಸ್ಟ್ ಕೊನೆಗೆ ಗೊತ್ತಾದರೆ ಇನ್ನೂ ದಾರಿ ಇರುತ್ತದೆ.

ಸಂಶೋಧಕಿ, ಹೊಳಲ್ಕೆರೆ:
ನನ್ನದೂ ಇದೇ ಸಮಸ್ಯೆ. ನೋಂದಣಿಯಾಗಿ ಬರುವ ಮಾರ್ಚ್‌ಗೆ 6 ವರ್ಷ. ಗೈಡ್‌ಗೆ ಇಂಥದ್ದೇ ಮೇಲ್ ಹಾಕಿದರೆ ಒಂದು ವರ್ಷ ಸಿಗುತ್ತಾ?

ನಿವೃತ್ತ ಪ್ರಾಧ್ಯಾಪಕರು:
ಇಲ್ಲಮ್ಮ, ನಿಮ್ಮದು ಬೇರೆ. ಇವರ ಗಡುವು ಗೈಡ್ ಹಾಕಿದ್ದು, ಅದನ್ನು ಗೈಡ್ ಅವರೇ ಬದಲಾಯಿಸಬಹುದು. ನಿಮ್ಮದು ವಿಶ್ವವಿದ್ಯಾಲಯದ್ದು. ಯುಜಿಸಿಯ 2022ರ ನಿಯಮದಲ್ಲಿ 6 ವರ್ಷದ ಮೇಲೆ ಮರುನೋಂದಣಿ ಮಾಡಿಸಿ 2 ವರ್ಷದವರೆಗೆ ಪಡೆಯಬಹುದು. ಮಹಿಳೆಯರಿಗೆ ಇನ್ನೂ 2 ವರ್ಷದ ಸಡಿಲಿಕೆ ಇದೆ, ಒಟ್ಟು 10 ದಾಟುವಂತಿಲ್ಲ. ಆದರೆ ನೀವು ಅದಕ್ಕೂ ಮುಂಚೆ ನೋಂದಾಯಿಸಿದವರು, ಯಾವ ನಿಯಮ ಅನ್ವಯಿಸುತ್ತದೆ ಅಂತ ಪಿಎಚ್‌ಡಿ ವಿಭಾಗದಲ್ಲಿ ಬರಹದಲ್ಲೇ ಕೇಳಿ. ಗೈಡ್ ಶಿಫಾರಸು ಮಾಡಬಹುದು ಅಷ್ಟೇ. ಮಾರ್ಚ್‌ವರೆಗೆ ಕಾಯಬೇಡಿ.

ಸಂಖ್ಯಾಶಾಸ್ತ್ರ ಅಧ್ಯಾಪಕರು, ದಾವಣಗೆರೆ:
200 ಯಾಕೆ ಬೇಕು? 150ಕ್ಕೆ ನಿಲ್ಲಿಸಲು ಮೇಡಂ ಒಪ್ಪಿದರೆ ಒಂದು ತಿಂಗಳು ಉಳಿಯುತ್ತದೆ. ಅದನ್ನೂ ಮೇಲ್‌ನಲ್ಲಿ ಸೇರಿಸಿ.

ವಿದ್ಯಾರ್ಥಿನಿ:
ಎರಡು ಹಳ್ಳಿ ಮಳೆ ಆಶ್ರಯದವು, ಎರಡರಲ್ಲಿ ಬೋರ್‌ವೆಲ್ ಜಾಸ್ತಿ. ಮಳೆಯವು ಎರಡೂ ಮುಗಿದಿವೆ. ಮೂರನೆಯದರಲ್ಲಿ 28 ಆಗಿದೆ. ನಾಲ್ಕನೆಯದು ಶುರುವೇ ಆಗಿಲ್ಲ ಸರ್.

ನಿವೃತ್ತ ಪ್ರಾಧ್ಯಾಪಕರು:
ಹಾಗಿದ್ದರೆ ಉಳಿದ 72 ಮನೆಯೂ ಬೋರ್‌ವೆಲ್ ಕಡೆಯವು. ಮಳೆ ಹಳ್ಳಿ, ಬೋರ್‌ವೆಲ್ ಹಳ್ಳಿಗಳ ನಿಮ್ಮ ಹೋಲಿಕೆಯ ಒಂದು ಬದಿಯೇ ಅದು. ಸಮಯ ಕೇಳುವ ಮೇಲ್‌ನಲ್ಲಿ 150ರ ಮಾತನ್ನು ಬೆರೆಸಬೇಡಿ. ಬೆರೆಸಿದರೆ ಸಮಯ ಬೇಕೋ ಕೆಲಸ ಕಡಿಮೆ ಮಾಡಬೇಕೋ ಅಂತ ಮೇಡಂಗೆ ಗೊಂದಲವಾಗುತ್ತದೆ.

ಸಂಖ್ಯಾಶಾಸ್ತ್ರ ಅಧ್ಯಾಪಕರು:
ನಾಲ್ಕನೆಯ ಹಳ್ಳಿ ಪೂರ್ತಿ ಬಿಡಿ ಅಂತ ನಾನು ಹೇಳುತ್ತಿಲ್ಲ. ಮೂರನೆಯದನ್ನು 28ಕ್ಕೆ ನಿಲ್ಲಿಸಿ, ನಾಲ್ಕನೆಯದರಲ್ಲಿ 22 ಮಾಡಿದರೆ ಬೋರ್‌ವೆಲ್ ಕಡೆ 50 ಆಗುತ್ತದೆ. ಮಳೆ ಕಡೆಯ 100 ಮನೆಗೆ ಈ 50 ಹೋಲಿಸಬಹುದು. ಆದರೆ ಆ 22 ಮನೆಗಳನ್ನು ಪಟ್ಟಿಯಿಂದ ಚೀಟಿ ಎತ್ತಿಯೇ ಆರಿಸಬೇಕು, ರಸ್ತೆ ಪಕ್ಕ ಸುಲಭಕ್ಕೆ ಸಿಕ್ಕವು ಆಗಬಾರದು. ಈ ದಾರಿ ಇದೆ ಅಂತ ಈಗಲೇ ಹೇಳದಿದ್ದರೆ ಮೇಡಂಗೆ ಆಯ್ಕೆಯೇ ಇರುವುದಿಲ್ಲ, ಅಲ್ವಾ?

ನಿವೃತ್ತ ಪ್ರಾಧ್ಯಾಪಕರು:
ಹೇಳಲಿ, ಆದರೆ ಭೇಟಿಯಲ್ಲಿ. ಮೇಲ್‌ನಲ್ಲಿ ಬೇಡ ಅನ್ನುವುದೇ ನನ್ನ ಅಭಿಪ್ರಾಯ.

ವಿದ್ಯಾರ್ಥಿನಿ:
ನಿಮ್ಮ ಮಾದರಿಯಲ್ಲೇ ಈಗ ಕಳಿಸಿದೆ ಸರ್. ಶುಕ್ರವಾರ ಸಂಜೆ ಮೇಡಂ ಸಿಗುತ್ತಾರೆ. 22 ಮನೆಯ ಲೆಕ್ಕವನ್ನು ಬೇರೆ ಹಾಳೆಯಲ್ಲಿ ಬರೆದುಕೊಂಡು ಹೋಗುತ್ತೇನೆ. ನಾಡಿದ್ದು ಗುರುವಾರ ಮೂರನೆಯ ಹಳ್ಳಿಗೆ ಹೊರಟಿದ್ದೇನೆ.