ಉಕ್ತಲೇಖನದಲ್ಲಿ ‘ಕತ್ತೆ’ಯು ‘ಕತೆ’ಯಾಗುವ ಕೊಠಡಿ: ಶ್ರವಣತಜ್ಞೆಯೊಂದಿಗೆ ಪ್ರಶ್ನೋತ್ತರ

ಶಿಕ್ಷಕಿ, ಕುಂದಾಪುರದ ಕಡೆಯ ಶಾಲೆ: ನಮಸ್ಕಾರ ಮೇಡಂ. ಕಳೆದ ವರ್ಷದವರೆಗೆ ನಮ್ಮ ಐದನೆಯ ತರಗತಿಯು ಹಂಚಿನ ಮಾಡಿನ ಹಳೆಯ ಕೊಠಡಿಯಲ್ಲಿ ನಡೆಯುತ್ತಿತ್ತು. ಈ ವರ್ಷ ಹೊಸ ಆರ್‌ಸಿಸಿ ಕೊಠಡಿಗೆ ಬಂದಿದ್ದೇವೆ. ಉದ್ದ 25 ಅಡಿ, ಅಗಲ 20, ಎತ್ತರ 11, ನೆಲಕ್ಕೆ ಟೈಲ್ಸ್, ಮಕ್ಕಳು ನಲವತ್ತು. ನಾನು ಗಂಟಲು ಹರಿಯುವಂತೆ ಹೇಳಿದರೂ ಹಿಂದಿನ ಬೆಂಚಿನವರು ಉಕ್ತಲೇಖನದಲ್ಲಿ ‘ಕತ್ತೆ’ ಎಂದರೆ ‘ಕತೆ’ ಎಂದು ಬರೆಯುತ್ತಾರೆ. ಮಳೆಗೆ ಕಿಟಕಿ ಮುಚ್ಚಿದ ದಿನ ಇನ್ನೂ ಕಷ್ಟ. ದೋಷ ಮಕ್ಕಳದ್ದೋ, ಕೊಠಡಿಯದ್ದೋ?

ಶ್ರವಣತಜ್ಞೆ: ಕೊಠಡಿಯದ್ದು. ನಿಮ್ಮ ಉದಾಹರಣೆಯೇ ಅದನ್ನು ಹೇಳುತ್ತಿದೆ. ‘ಕತ್ತೆ’ಗೂ ‘ಕತೆ’ಗೂ ಕಿವಿಗೆ ಸಿಗುವ ಮುಖ್ಯ ವ್ಯತ್ಯಾಸವೆಂದರೆ ಒತ್ತಕ್ಷರದ ಮೊದಲು ನಾಲಗೆ ತಡೆದು ನಿಲ್ಲುವ ಒಂದು ಕಿರುಮೌನ. ಬರಿಯ ಗಾರೆಯ ಕೊಠಡಿಯಲ್ಲಿ ಹಿಂದಿನ ‘ಕ’ದ ಸ್ವರವು ಗೋಡೆಯಿಂದ ಗೋಡೆಗೆ ಬಡಿಯುತ್ತಾ ಉಳಿದು ಆ ಮೌನವನ್ನು ತುಂಬಿಬಿಡುತ್ತದೆ, ಆದ್ದರಿಂದ ಒತ್ತು ಕಿವಿಯಲ್ಲಿ ಅಳಿಸಿಹೋಗುತ್ತದೆ. ನೀವು ದನಿ ಏರಿಸಿದರೆ ಪ್ರತಿಧ್ವನಿಯೂ ಅಷ್ಟೇ ಏರುತ್ತದೆ. ಗಂಟಲು ನೋಯುವುದೊಂದೇ ಲಾಭ. ನಿಮ್ಮ ಬಾಯಿಂದ ನೇರವಾಗಿ ಬರುವ ದನಿ ದೂರ ಹೋದಷ್ಟೂ ಕುಗ್ಗುತ್ತದೆ, ಪ್ರತಿಧ್ವನಿಯಾದರೋ ಕೊಠಡಿಯಲ್ಲೆಲ್ಲ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಹಿಂದಿನ ಬೆಂಚೇ ಮೊದಲು ಸೋಲುವುದು ಇದರಿಂದ. ನೋಡಲು ಬಂದ ದೊಡ್ಡವರಿಗೆ ಇದು ತಿಳಿಯುವುದಿಲ್ಲ, ಏಕೆಂದರೆ ಕೇಳದ ಅಕ್ಷರವನ್ನು ನಾವು ಗೊತ್ತಿರುವ ಪದದಿಂದ ತುಂಬಿಕೊಳ್ಳುತ್ತೇವೆ. ಪದವನ್ನು ಈಗಷ್ಟೇ ಕಲಿಯುತ್ತಿರುವ ಮಗುವಿಗೆ ಆ ಅನುಕೂಲವಿಲ್ಲ.

ಹಳೆಯ ಕೊಠಡಿಯಲ್ಲಿ ಹಂಚುಗಳ ಸಂದುಗಳಿಂದ ಸದ್ದು ಹೊರಗೆ ಸೋರಿಹೋಗುತ್ತಿತ್ತು. ಹೊಸದರಲ್ಲಿ ಅದಕ್ಕೆ ದಾರಿಯಿಲ್ಲ. ಲೆಕ್ಕ ಹಾಕೋಣ. ಸದ್ದು ಅಡಗಲು ಬೇಕಾದ ಸೆಕೆಂಡುಗಳಿಗೆ ಅಡಿ ಲೆಕ್ಕದಲ್ಲಿ ಹೀಗೊಂದು ಸೂತ್ರವಿದೆ:

T = 0.049 × V ÷ A

V ಎಂಬುದು ಕೊಠಡಿಯ ಘನ ಅಡಿ, ನಿಮ್ಮದು 5500. A ಎಂಬುದು ಸದ್ದನ್ನು ಹೀರುವ ಶಕ್ತಿ. ಅದನ್ನು ‘ಎಷ್ಟು ಚದರಡಿ ತೆರೆದ ಕಿಟಕಿಗೆ ಸಮ’ ಎಂದು ಎಣಿಸುತ್ತೇವೆ, ಏಕೆಂದರೆ ತೆರೆದ ಕಿಟಕಿಯಿಂದ ಹೋದ ಸದ್ದು ಮರಳುವುದಿಲ್ಲ. ನಿಮ್ಮ ಗೋಡೆ, ನೆಲ, ಛಾವಣಿ ಎಲ್ಲ ಸೇರಿ ಸುಮಾರು 1990 ಚದರಡಿಯಿದ್ದರೂ ಅವು ಹೀರುವುದು 60ರಷ್ಟು ಮಾತ್ರ. ನಲವತ್ತು ಮಕ್ಕಳು ಸೇರಿ ಸುಮಾರು 150. ಕಿಟಕಿ ಮುಚ್ಚಿದ್ದರೆ ಒಟ್ಟು 210, ಅಂದರೆ ಸದ್ದು ಅಡಗಲು ಹತ್ತಿರಹತ್ತಿರ 1.3 ಸೆಕೆಂಡು. ಈ ಗಾತ್ರದ ತರಗತಿಗೆ ಅಮೆರಿಕದ ಮಾನದಂಡವೂ ವಿಶ್ವ ಆರೋಗ್ಯ ಸಂಸ್ಥೆಯ 1999ರ ಮಾರ್ಗಸೂಚಿಯೂ ಹೇಳುವುದು 0.6.

ಹಣ ಖರ್ಚು ಮಾಡುವ ಮೊದಲು ಒಂದು ಪರೀಕ್ಷೆ ಮಾಡಿ. ಒತ್ತಕ್ಷರವಿರುವ ಮತ್ತು ಇಲ್ಲದ ಇಪ್ಪತ್ತು ಪದಗಳನ್ನು ಬಾಯಿಗೆ ಪುಸ್ತಕ ಅಡ್ಡ ಹಿಡಿದು, ಸಹಜ ದನಿಯಲ್ಲಿ ಓದಿ, ಮೊದಲ ಮತ್ತು ಕೊನೆಯ ಬೆಂಚಿನವರ ಸರಿ ಉತ್ತರಗಳನ್ನು ಎಣಿಸಿ. ಮರುದಿನ ಊರಿನ ಮನೆಗಳಿಂದ ಹತ್ತು ಹತ್ತಿಯ ಹಾಸಿಗೆಗಳನ್ನು ತರಿಸಿ, ಹಿಂಗೋಡೆಗೂ ಪಕ್ಕದ ಗೋಡೆಗೂ ಒರಗಿಸಿ, ಬೇರೆ ಇಪ್ಪತ್ತು ಪದಗಳನ್ನು ಓದಿ. ನಗಬೇಡಿ, 1895ರಿಂದ ಕೆಲವು ವರ್ಷ ಹಾರ್ವರ್ಡ್‌ನಲ್ಲಿ ಸಬೈನ್ ಎಂಬ ಅಧ್ಯಾಪಕರು ಪಕ್ಕದ ರಂಗಮಂದಿರದ ಆಸನದ ಮೆತ್ತೆಗಳನ್ನು ಹೊತ್ತು ತಂದು ಈ ಸೂತ್ರವನ್ನು ಕಂಡುಕೊಂಡದ್ದು ಹೀಗೆಯೇ.

ನಿವೃತ್ತ ಮುಖ್ಯೋಪಾಧ್ಯಾಯರು, ಹಾಸನ: ನಾವು ಅರುವತ್ತು ಮಕ್ಕಳಿಗೆ ಯಾವ ಹಾಸಿಗೆಯೂ ಇಲ್ಲದೆ ಪಾಠ ಮಾಡಿದ್ದೇವೆ. ಮಕ್ಕಳು ಮೌನವಾಗಿದ್ದರೆ ಎಲ್ಲವೂ ಕೇಳಿಸುತ್ತದೆ. ಇದು ಶಿಸ್ತಿನ ಪ್ರಶ್ನೆ.

ಶಿಕ್ಷಕಿ: ಸರ್, ಉಕ್ತಲೇಖನದ ಹೊತ್ತಿನಲ್ಲಿ ನನ್ನ ಮಕ್ಕಳು ಉಸಿರೆತ್ತುವುದಿಲ್ಲ. ತಾವು ಪಾಠ ಮಾಡಿದ್ದು ಯಾವ ಮಾಡಿನ ಕೆಳಗೆ ಎಂದು ದಯವಿಟ್ಟು ತಿಳಿಸಬೇಕು.

ನಿವೃತ್ತ ಮುಖ್ಯೋಪಾಧ್ಯಾಯರು: ಹಂಚಿನದ್ದೇ. ಆದರೆ ವಿಷಯ ಅದಲ್ಲ.

ಶ್ರವಣತಜ್ಞೆ: ವಿಷಯ ಅದೇ, ಸರ್.

ಸಿವಿಲ್ ಎಂಜಿನಿಯರ್, ದಾವಣಗೆರೆ: ತೆರೆದ ಕಿಟಕಿ ಸದ್ದನ್ನು ಪೂರ್ತಿ ನುಂಗುತ್ತದೆ ಎಂದಾದರೆ ಎಲ್ಲ ಕಿಟಕಿಗಳನ್ನೂ ತೆರೆದರೆ ಸಾಕಲ್ಲವೇ? ಇಲ್ಲವಾದರೆ ಗೋಡೆಗೆ ಥರ್ಮಾಕೋಲ್ ಅಂಟಿಸಿ ಸೌಂಡ್‌ಪ್ರೂಫ್ ಮಾಡಬಹುದು.

ಶ್ರವಣತಜ್ಞೆ: ಮೊದಲ ಮಾತು ಅರ್ಧ ಸರಿ. ಎರಡು ಕಿಟಕಿ, ಒಂದು ಬಾಗಿಲು ತೆರೆದರೆ ಅಲ್ಲಿ ಸುಮಾರು 56 ಚದರಡಿ ಸೇರಿ ಸದ್ದು ಅಡಗುವ ಹೊತ್ತು ಒಂದು ಸೆಕೆಂಡಿಗೆ ಇಳಿಯುತ್ತದೆ. ಆದರೆ ಅದೇ ಕಿಟಕಿಯಿಂದ ರಸ್ತೆಯ ಹಾರ್ನ್ ಒಳಬರುತ್ತದೆ. ಕಿಟಕಿಯ ಆಚೆ ತೋಟವಿದ್ದರೆ ಮಾತ್ರ ಇದು ಪೂರ್ತಿ ಲಾಭ. ಎರಡನೆಯ ಮಾತು ತಪ್ಪು. ಹೊರಗಿನ ಸದ್ದನ್ನು ತಡೆಯುವುದು ಬೇರೆ, ಒಳಗಿನದನ್ನು ಹೀರುವುದು ಬೇರೆ. ಥರ್ಮಾಕೋಲ್‌ನಿಂದ ಇವೆರಡೂ ಆಗುವುದಿಲ್ಲ. ಅದರ ಗುಳ್ಳೆಗಳು ಮುಚ್ಚಿರುವುದರಿಂದ ಸದ್ದು ಒಳಹೊಗದೆ ಮರಳುತ್ತದೆ, ಮೇಲಾಗಿ ಬೆಂಕಿ ತಗುಲಿದರೆ ಅದು ಉರಿದು ತೊಟ್ಟಿಕ್ಕುತ್ತದೆ.

ಪೋಷಕರು, ತುಮಕೂರು: ಮೊಟ್ಟೆಯ ಟ್ರೇಗಳನ್ನು ಗೋಡೆಗೆ ಅಂಟಿಸಿದರೆ ಪ್ರತಿಧ್ವನಿ ಮಾಯವಾಗುತ್ತದೆ ಎಂಬ ವಿಡಿಯೊ ಬಂದಿದೆ. ನಿಜವೇ?

ಶ್ರವಣತಜ್ಞೆ: ಇಲ್ಲ. ಕಾಗದ ತೀರಾ ತೆಳು. ತೀಕ್ಷ್ಣ ಸದ್ದನ್ನು ಸ್ವಲ್ಪ ಹೀರಬಹುದು, ಮಾತಿನ ಗಟ್ಟಿ ಭಾಗವನ್ನು ಮುಟ್ಟುವುದಿಲ್ಲ. ಜಿರಳೆ ಸೇರುತ್ತದೆ, ಬೇಗ ಹೊತ್ತಿಕೊಳ್ಳುತ್ತದೆ. ಮಕ್ಕಳಿರುವ ಕೊಠಡಿಯಲ್ಲಿ ಬೇಡ.

ತಾಯಿ, ಸಾಗರ: ನನ್ನ ಮಗಳು ಮೂರನೆಯ ತರಗತಿ. ತರಗತಿಯಲ್ಲಿ ಗಮನವಿಲ್ಲ ಎಂದು ಶಾಲೆಯವರು ಹೇಳುತ್ತಾರೆ. ಮನೆಯಲ್ಲಿ ಹತ್ತಿರ ನಿಂತು ಹೇಳಿದ್ದು ಕೇಳಿಸುತ್ತದೆ. ಎರಡು ಮಳೆಗಾಲದಿಂದ ಬಲಗಿವಿ ಸೋರುತ್ತಿದೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುತ್ತಿದ್ದೇವೆ. ಮುಂದಿನ ಬೆಂಚಿನಲ್ಲಿ ಕೂರಿಸಿದರೆ ಸರಿಹೋದೀತೇ?

ಶ್ರವಣತಜ್ಞೆ: ಅಮ್ಮ, ಎಣ್ಣೆಯನ್ನು ಇಂದೇ ನಿಲ್ಲಿಸಿ. ಸೋರುವ ಕಿವಿಯ ತಮಟೆಯಲ್ಲಿ ತೂತಿರಬಹುದು, ಹಾಗಿದ್ದರೆ ನೀವು ಬಿಟ್ಟದ್ದು ಒಳಗಿವಿಯ ಕಡೆಗೆ ಹೋಗುತ್ತದೆ. ಯಾವ ಗುಂಪಿನಲ್ಲಿ ಯಾರು ಕಳಿಸಿದ ಮನೆಮದ್ದಾದರೂ ಸರಿ, ಸೋರುವ ಕಿವಿಗೆ ಬೇಡ. ತಲೆ ತೋಯಿಸುವಾಗಲೂ ಆ ಕಿವಿಗೆ ನೀರು ಹೋಗದಂತೆ ನೋಡಿಕೊಳ್ಳಿ. ಈ ವಾರವೇ ಇಎನ್‌ಟಿ ವೈದ್ಯರಿಗೆ ತೋರಿಸಿ, ಎರಡೂ ಕಿವಿಗಳಿಗೆ ಶ್ರವಣ ಪರೀಕ್ಷೆ ಮಾಡಿಸಿ. ಜ್ವರ, ತಲೆಸುತ್ತು, ಕಿವಿಯ ಹಿಂದೆ ಊತ ಅಥವಾ ಮುಖ ಸೊಟ್ಟಗಾಗುವುದು ಕಂಡರೆ ವಾರ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ.

ಹತ್ತಿರದ ಮಾತು ಕೇಳಿಸಿ ತರಗತಿಯ ಮಾತು ಕೇಳಿಸದಿರುವುದು ಗಮನವಿಲ್ಲದ ಲಕ್ಷಣವಲ್ಲ. ಎರಡು ಕಿವಿಗಳೂ ಸರಿಯಿದ್ದಾಗ ಮಿದುಳು ಅವುಗಳನ್ನು ಹೋಲಿಸಿ ಗದ್ದಲದಿಂದ ಮಾತನ್ನು ಹೆಕ್ಕುತ್ತದೆ. ಒಂದು ಕುಗ್ಗಿದರೆ ಆ ಹೆಕ್ಕುವಿಕೆಯೇ ಮೊದಲು ಕೆಡುತ್ತದೆ. ಪರೀಕ್ಷೆಯಲ್ಲಿ ಎಡಗಿವಿ ಚೆನ್ನಾಗಿದೆ ಎಂದು ಬಂದರೆ, ಮುಂದಿನ ಬೆಂಚು ಎಂದಷ್ಟೇ ಹೇಳದೆ, ಆ ಕಿವಿ ಶಿಕ್ಷಕರ ಕಡೆಗಿರುವಂತೆ, ಫ್ಯಾನಿನಿಂದಲೂ ರಸ್ತೆಯ ಕಿಟಕಿಯಿಂದಲೂ ದೂರ ಕೂರಿಸಲು ಕೇಳಿ. ವರದಿ ಬಂದ ಮೇಲೆ ಇಲ್ಲಿ ಬರೆಯಿರಿ, ನಾನು ಕಾಯುತ್ತೇನೆ.

ಶಿಕ್ಷಕರು, ರಾಯಚೂರು: ನಮ್ಮಲ್ಲಿ ಒಂದೇ ಹಾಲ್‌ನಲ್ಲಿ ಎರಡು ತರಗತಿಗಳು, ನಡುವೆ ಆರಡಿಯ ಅಡ್ಡಗೋಡೆ. ಆಚೆಯ ಮಗ್ಗಿ ಈಚೆಯ ಪಾಠವನ್ನು ನುಂಗುತ್ತದೆ. ಏನು ಮಾಡಬಹುದು?

ಧ್ವನಿವರ್ಧಕ ವ್ಯಾಪಾರಿ, ಬೆಂಗಳೂರು: ಇವೆಲ್ಲ ಸುತ್ತುಬಳಸಿನ ದಾರಿಗಳು. ಶಿಕ್ಷಕರಿಗೆ ಒಂದು ಕಾಲರ್ ಮೈಕ್, ಗೋಡೆಗೊಂದು ಸ್ಪೀಕರ್ ಹಾಕಿದರೆ ಮುಗಿಯಿತು. ನಾವು ಅನೇಕ ಶಾಲೆಗಳಿಗೆ ಹಾಕಿಕೊಟ್ಟಿದ್ದೇವೆ.

ಶಿಕ್ಷಕಿ: ನಮ್ಮ ಪಕ್ಕದ ಶಾಲೆಯಲ್ಲಿ ಹಾಕಿ ತೆಗೆದಿದ್ದಾರೆ. ಸದ್ದು ಜೋರಾಯಿತು, ಅಕ್ಷರ ತಿಳಿಯಲಿಲ್ಲ.

ಧ್ವನಿವರ್ಧಕ ವ್ಯಾಪಾರಿ: ಅಗ್ಗದ ಸೆಟ್ ತಂದಿರಬೇಕು. ಬಳಸಲು ಬಾರದವರು ವಸ್ತುವನ್ನು ದೂರುವುದು ಸರಿಯಲ್ಲ.

ಶಿಕ್ಷಕಿ: ಮಾರಲು ಬಂದವರು ಶಿಕ್ಷಕರಿಗೆ ಬುದ್ಧಿ ಹೇಳುವುದೂ ಸರಿಯಲ್ಲ.

ಶ್ರವಣತಜ್ಞೆ: ಫ್ಯಾನು, ರಸ್ತೆಗಳ ಗದ್ದಲವೇ ತೊಂದರೆಯಾದರೆ ಮೈಕ್ ನೆರವಾಗುತ್ತದೆ. ತೊಂದರೆ ಪ್ರತಿಧ್ವನಿಯದ್ದಾದರೆ ಗೋಡೆಯ ಸ್ಪೀಕರ್ ಪ್ರತಿಧ್ವನಿಯನ್ನೂ ಎತ್ತುತ್ತದೆ. ಮೊದಲು ಕೊಠಡಿ, ಆಮೇಲೆ ಮೈಕ್. ಇಲ್ಲಿ ವ್ಯಾಪಾರ ಬೇಡ.

ಸದಸ್ಯರು, ಮೈಸೂರು: ನಮ್ಮ ಅಪಾರ್ಟ್‌ಮೆಂಟಿನ ಮೇಲಿನ ಮನೆಯವರು ರಾತ್ರಿ ಕುರ್ಚಿ ಎಳೆಯುತ್ತಾರೆ. ಹಾಸಿಗೆಯನ್ನು ಛಾವಣಿಗೆ ಕಟ್ಟಬಹುದೇ?

ಶ್ರವಣತಜ್ಞೆ: ಇದು ತರಗತಿಯ ಪ್ರಶ್ನೆಯಲ್ಲ. ಕುರ್ಚಿಯ ಕಾಲಿಗೆ ರಬ್ಬರ್ ಹಾಕಲು ಅವರಿಗೇ ಹೇಳಿ. ಶಾಲೆಯವರೂ ಇದನ್ನು ಮಾಡಬಹುದು: ಕಬ್ಬಿಣದ ಬೆಂಚಿನ ಕಾಲುಗಳಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ಎರಡು ಪದರ ಮಡಚಿ ಬಿಗಿಯಾಗಿ ಕಟ್ಟಿದರೆ ಟೈಲ್ಸ್ ಮೇಲಿನ ಕಿರ್ರೆನ್ನುವ ಸದ್ದು ನಿಲ್ಲುತ್ತದೆ. ಸವೆದಾಗ ಬದಲಿಸಬೇಕು.

ಶಿಕ್ಷಕಿ, ಕುಂದಾಪುರದ ಕಡೆಯ ಶಾಲೆ: ಮೇಡಂ, ಪರೀಕ್ಷೆ ಮಾಡಿದೆವು. ಕಿಟಕಿ ಮುಚ್ಚಿ ಓದಿದಾಗ ಮೊದಲ ಬೆಂಚಿನವರಿಗೆ ಇಪ್ಪತ್ತರಲ್ಲಿ ಸರಾಸರಿ 18, ಕೊನೆಯ ಬೆಂಚಿನವರಿಗೆ 11. ಹತ್ತು ಹಾಸಿಗೆ ಒರಗಿಸಿದ ಮೇಲೆ ಕೊನೆಯ ಬೆಂಚು 16ಕ್ಕೆ ಬಂತು. ಹಿಂದೆ ಕೂರುವ ಒಬ್ಬ ಹುಡುಗ ‘ಟೀಚರ್, ಇವತ್ತು ನೀವು ಹತ್ತಿರ ನಿಂತಿದ್ದೀರಿ’ ಎಂದ. ನಾನು ನಿಂತಿದ್ದು ಅದೇ ಕರಿಹಲಗೆಯ ಬಳಿ. ಶಾಶ್ವತವಾಗಿ ಏನು ಹಾಕಬೇಕು?

ಶ್ರವಣತಜ್ಞೆ: ಆ ಹುಡುಗ ನನ್ನ ಯಂತ್ರಕ್ಕಿಂತ ಚೆನ್ನಾಗಿ ಅಳೆದಿದ್ದಾನೆ. 50 ಮಿಲಿಮೀಟರ್ ದಪ್ಪದ, ಕಲ್ಲನ್ನು ಕರಗಿಸಿ ತೆಗೆದ ನಾರಿನ ರಾಕ್‌ವೂಲ್ ಹಲಗೆ ತರಿಸಿ, ಘನ ಮೀಟರಿಗೆ 48 ಕಿಲೋ ಸಾಂದ್ರತೆಯದ್ದು ಎಂದು ಕೇಳಿ. ಬಡಗಿಯಿಂದ ನಾಲ್ಕಡಿ ಉದ್ದ, ಎರಡಡಿ ಅಗಲದ ರೀಪಿನ ಚೌಕಟ್ಟುಗಳನ್ನು ಮಾಡಿಸಿ, ನಾರು ಉದುರದಂತೆ ಒಳಗೊಂದು ಒತ್ತು ನೇಯ್ಗೆಯ ಬಟ್ಟೆ ಸುತ್ತಿ, ಮೇಲೆ ಗಾಳಿಯಾಡುವ ಹತ್ತಿಬಟ್ಟೆ ಬಿಗಿಯಿರಿ. ಊದಿದರೆ ಉಸಿರು ಆಚೆ ಹೋಗದ ಬಟ್ಟೆಯನ್ನು ಮೇಲುಹೊದಿಕೆಗೆ ಬಳಸಬೇಡಿ, ಬಣ್ಣವನ್ನೂ ಬಳಿಯಬೇಡಿ, ಸದ್ದು ಒಳಹೋಗಲಾರದು. ರಾಕ್‌ವೂಲ್ ಮುಟ್ಟುವವರು ಕೈಗವಸು, ಮುಖಗವಸು ಹಾಕಿಕೊಳ್ಳಲಿ, ಮಕ್ಕಳು ಆ ದಿನ ಅಲ್ಲಿರುವುದು ಬೇಡ.

ಇಪ್ಪತ್ತನಾಲ್ಕು ಚೌಕಟ್ಟು ಸಾಕು: ಹತ್ತು ಹಿಂಗೋಡೆಯಲ್ಲಿ ಮಕ್ಕಳ ತಲೆಯ ಮೇಲಿನ ಎತ್ತರಕ್ಕೆ, ಆರು ಕಿಟಕಿಯಿಲ್ಲದ ಪಕ್ಕದ ಗೋಡೆಗೆ, ಎಂಟು ಛಾವಣಿಯ ಅಂಚುಗಳಿಗೆ. ಛಾವಣಿಯ ನಡುಭಾಗವನ್ನು ಬರಿದೇ ಬಿಡಿ, ಅದು ನಿಮ್ಮ ದನಿಯನ್ನು ಕೊನೆಯ ಬೆಂಚಿಗೆ ತಲುಪಿಸುತ್ತದೆ. ಇವು 163ರಷ್ಟು ಹೀರುತ್ತವೆ ಎಂದುಕೊಂಡರೆ ಕಿಟಕಿ ಮುಚ್ಚಿದಾಗ 0.7, ತೆರೆದಾಗ 0.6ರ ಆಸುಪಾಸಿಗೆ ಬರುತ್ತೀರಿ. ನಿಮ್ಮದು ಕರಾವಳಿಯಾದ್ದರಿಂದ ಒಂದು ಎಚ್ಚರ: ಮಳೆಗೆ ಒದ್ದೆಯಾಗುವ ಗೋಡೆಗೆ ಹಾಕಬೇಡಿ, ಬಟ್ಟೆ ಬೂಸಲು ಹಿಡಿಯುತ್ತದೆ. ಉಳಿದ ಗೋಡೆಗಳಲ್ಲೂ ಹಿಂದೆ ಎರಡು ಇಂಚು ಸಂದು ಬಿಡಿ. ಗಾಳಿಯೂ ಆಡುತ್ತದೆ, ಹೀರಿಕೆಯೂ ಹೆಚ್ಚುತ್ತದೆ.

ನಿವೃತ್ತ ಮುಖ್ಯೋಪಾಧ್ಯಾಯರು: ಇಷ್ಟಕ್ಕೆ ಎಸ್‌ಡಿಎಂಸಿ ಹಣ ಕೊಟ್ಟೀತು ಎಂದುಕೊಂಡಿದ್ದೀರಾ?

ಶಿಕ್ಷಕಿ: ಕೊಡದಿದ್ದರೆ ಮೊದಲು ಹಿಂಗೋಡೆಯ ಹತ್ತನ್ನು ಮಾತ್ರ ಮಾಡಿಸುತ್ತೇನೆ. ಆದರೆ ಹಿಂಗೋಡೆ ಪಶ್ಚಿಮಕ್ಕಿದೆ, ಮಳೆಗೆ ಒದ್ದೆಯಾಗುವುದೂ ಅದೇ. ಮೇಡಂ, ಇದಕ್ಕೇನು ಮಾಡಲಿ?

ಶ್ರವಣತಜ್ಞೆ: ಹಾಗಾದರೆ ಕರಿಹಲಗೆಯನ್ನು ಒದ್ದೆ ಗೋಡೆಯ ಕಡೆಗೆ ಬದಲಿಸಿ ತರಗತಿಯನ್ನೇ ತಿರುಗಿಸಿ. ಪೂರ್ವದ ಗೋಡೆ ಹಿಂಗೋಡೆಯಾಗುತ್ತದೆ. ಬೆಳಕು ಮಕ್ಕಳ ಕಣ್ಣಿಗೆ ಹೊಡೆಯದೇ ಎಂದು ಒಂದು ದಿನ ಕೂತು ನೋಡಿ, ಆಮೇಲೆ ಮೊಳೆ ಹೊಡೆಸಿ.

ಪೋಷಕರು, ಹಾವೇರಿ: ಮೊಟ್ಟೆಯ ಟ್ರೇ ಹಾಕಬಹುದೇ ಮೇಡಂ? ವಿಡಿಯೊ ಬಂದಿದೆ.

ಶ್ರವಣತಜ್ಞೆ: ಮೇಲೆ ಓದಿ.

ಸಿವಿಲ್ ಎಂಜಿನಿಯರ್, ದಾವಣಗೆರೆ: ಥರ್ಮಾಕೋಲ್‌ನಲ್ಲಿ ಬೆಂಕಿಗೆ ಬೇಗ ಹತ್ತದ ಬಗೆಯೂ ಇದೆ. ಅದನ್ನು ತಾವು ಹೇಳಲಿಲ್ಲ.

ಶ್ರವಣತಜ್ಞೆ: ಅದೂ ಸದ್ದನ್ನು ಹೀರುವುದಿಲ್ಲವಾದ್ದರಿಂದ ಹೇಳಲಿಲ್ಲ. ಸಾಗರದ ತಾಯಿಯವರೇ, ವೈದ್ಯರಿಗೆ ತೋರಿಸಿದಿರಾ?

ಶಿಕ್ಷಕರು, ರಾಯಚೂರು: ಆರಡಿಯ ಅಡ್ಡಗೋಡೆಯ ಬಗ್ಗೆ ಕೇಳಿದ್ದೆ. ಮೊಟ್ಟೆಯ ಟ್ರೇಗೆ ಎರಡು ಸಲ ಉತ್ತರ ಸಿಕ್ಕಿದೆ.