ಸಹಾಯ ಬೇಕು: ಹತ್ತಿರದಿಂದ ತೆಗೆದಾಗ ಥರ್ಮಲ್ ಚಿತ್ರ ಮತ್ತು ಫೋಟೋ ಹೊಂದುತ್ತಿಲ್ಲ

ವಿದ್ಯುತ್ ಪ್ಯಾನೆಲ್‌ಗಳ ತಪಾಸಣೆಗಾಗಿ 160×120 ಪಿಕ್ಸೆಲ್‌ನ ಥರ್ಮಲ್ ಚಿತ್ರದ ಮೇಲೆ ಸಾಮಾನ್ಯ ಫೋಟೋದ ಅಂಚುಗಳನ್ನಷ್ಟೇ ಕೂಡಿಸುತ್ತಿದ್ದೇನೆ. ಫೋಟೋ ಎಷ್ಟೇ ಸ್ಪಷ್ಟವಾಗಿದ್ದರೂ ಬಿಸಿಯ ಅಳತೆ ಅದರಿಂದ ಸೂಕ್ಷ್ಮವಾಗುವುದಿಲ್ಲವಾದ್ದರಿಂದ, ತಾಪಮಾನವನ್ನು ಮೂಲ ಥರ್ಮಲ್ ದತ್ತಾಂಶದಿಂದಲೇ ಓದುತ್ತೇನೆ. ಥರ್ಮಲ್ ಲೆನ್ಸ್‌ನ ಅಡ್ಡ ನೋಟಕೋನ 57 ಡಿಗ್ರಿ, ಎರಡು ಲೆನ್ಸ್‌ಗಳ ನಡುವಿನ ಅಂತರ 3 ಸೆಂ.ಮೀ. ಹೀಗಾಗಿ 1.5 ಮೀಟರ್‌ಗೆ ಹೊಂದಿಸಿದ ಹೋಮೋಗ್ರಫಿಯನ್ನು ಅರ್ಧ ಮೀಟರ್ ದೂರದಲ್ಲಿ ಬಳಸಿದಾಗ ಅಂಚುಗಳು ಸುಮಾರು 6 ಥರ್ಮಲ್ ಪಿಕ್ಸೆಲ್‌ನಷ್ಟು ಸರಿದು, ಬಿಸಿಯಾದ ಟರ್ಮಿನಲ್‌ನ ಕಲೆ ಪಕ್ಕದ ಫೇಸ್‌ನ ಬೋಲ್ಟ್ ಮೇಲೆ ಕೂರುತ್ತದೆ (ವರದಿ ಓದಿದವರು ತಪ್ಪು ಬೋಲ್ಟನ್ನೇ ಬಿಗಿಮಾಡುತ್ತಾರೆ).

ಮ್ಯೂಚುವಲ್ ಇನ್ಫರ್ಮೇಶನ್‌ನಿಂದ ಪ್ರತಿ ಜೋಡಿಯನ್ನೂ ಹೊಂದಿಸಲು ನೋಡಿದೆ. ಎಲ್ಲ ಭಾಗಗಳೂ ಒಂದೇ ತಾಪಮಾನದಲ್ಲಿರುವ ಪ್ಯಾನೆಲ್‌ಗಳಲ್ಲಿ ಅದು ಎಲ್ಲೆಲ್ಲೋ ಹೋಗಿ ನಿಲ್ಲುತ್ತದೆ. ಲೇಸರ್‌ನಿಂದ ದೂರ ಅಳೆದು, ಲೆನ್ಸ್‌ಗಳ ಸಾಲಿನ ದಿಕ್ಕಿನಲ್ಲಿ ಮಾತ್ರ ಹುಡುಕಿಸಿದರೆ ಸಾಕೇ? ಬಸ್‌ಬಾರ್‌ಗಳು ಬೇರೆ ಬೇರೆ ಆಳದಲ್ಲಿರುವ ಪ್ಯಾನೆಲ್‌ಗಳಲ್ಲಿ ಇದನ್ನು ಹೇಗೆ ನಿಭಾಯಿಸುತ್ತೀರಿ ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಬೇಕು.