ಸ್ವರಾಕ್ಷರದ ವಿಡಿಯೊ: ಮಕ್ಕಳು ದನಿಗೂಡಿಸುವಂತೆ ಸಾಲು ಕಟ್ಟುವುದು ಹೇಗೆ?

ಕೇಳಿದವರು: ಎರಡು ವರ್ಷದ ಆಸುಪಾಸಿನ ಮಕ್ಕಳಿಗಾಗಿ ಸ್ವರಾಕ್ಷರಗಳ ವಿಡಿಯೊ ಬರೆಯುತ್ತಿದ್ದೇನೆ. ‘ಅ ಅ ಅಳಿಲು, ಆ ಆ ಆನೆ’ ಎಂದು ರಾಗವಾಗಿ ಹಾಡಿಸಿದ್ದೇನೆ. ಮಕ್ಕಳು ಕಣ್ಣರಳಿಸಿ ನೋಡುತ್ತಾರೆ, ಆದರೆ ಬಾಯಿ ತೆರೆಯುವುದಿಲ್ಲ. ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ಶಿಶುವಿಹಾರದ ಶಿಕ್ಷಕಿ: ರಾಗ ಎಳೆದಾಗ ಮೊದಲು ಕೆಡುವುದು ಹ್ರಸ್ವ, ‘ಎ’ಯನ್ನು ತುಸು ಎಳೆದರೂ ಅದು ಕಿವಿಗೆ ‘ಏ’ ಆಗಿಬಿಡುತ್ತದೆ. ಆದ್ದರಿಂದ ನಾನು ರಾಗವನ್ನು ಬಿಟ್ಟು ನಾಲ್ಕು ಚಪ್ಪಾಳೆಯ ತಾಳವನ್ನು ಹಿಡಿದೆ. ಮೊದಲೆರಡು ಚಪ್ಪಾಳೆಗೆ ಒಂದೊಂದು ಗಿಡ್ಡ ‘ಎ’, ಮೂರನೆಯದಕ್ಕೆ ‘ಎಲೆ’, ನಾಲ್ಕನೆಯದು ಬರಿಯ ಚಪ್ಪಾಳೆ. ಮುಂದಿನ ಸಾಲಿನಲ್ಲಿ ಒಂದೇ ‘ಏ’ ಎರಡು ಚಪ್ಪಾಳೆಯಷ್ಟು ಉದ್ದಕ್ಕೆ ನಿಂತು, ಮೂರನೆಯದಕ್ಕೆ ‘ಏಣಿ’ ಬರುತ್ತದೆ. ಹಾಡುವವರು ‘ಯೆಲೆ’, ‘ಯೇಣಿ’ ಎನ್ನದಂತೆ ಧ್ವನಿಮುದ್ರಣದಲ್ಲಿಯೇ ನೋಡಿಕೊಳ್ಳಿ. ಮಾತಿನ ರೂಢಿಯಿಂದ ಆ ‘ಯ’ ತಾನಾಗಿ ನುಸುಳುತ್ತದೆ.

ಪ್ರತಿ ಸಾಲಿನ ನಂತರ ಅದೇ ನಾಲ್ಕು ಚಪ್ಪಾಳೆಗಳು ದನಿಯಿಲ್ಲದೆ ಸಾಗಬೇಕು, ಚಿತ್ರ ಅಲುಗದೆ ಹಾಗೆಯೇ ಇರಬೇಕು. ಮುಂದಿನ ಚಿತ್ರ ಬಂದ ಮೇಲೆ ಮಗು ಹಿಂದಿನ ಪದವನ್ನು ಹೇಳುತ್ತಿದ್ದರೆ ಅದಕ್ಕೆ ಆಸಕ್ತಿಯಿಲ್ಲವೆಂದಲ್ಲ, ನೀವು ಬಿಟ್ಟ ಜಾಗ ಸಾಲದೆಂದು ಅರ್ಥ; ಆಗ ಖಾಲಿ ಸಾಲನ್ನು ಎಂಟು ಚಪ್ಪಾಳೆಗೆ ಹಿಗ್ಗಿಸಿ.

ಅನಿಮೇಷನ್ ಮಾಡುವವರು: ಅಷ್ಟು ಹೊತ್ತು ಸುಮ್ಮನಿದ್ದರೆ ಮಕ್ಕಳು ಎದ್ದು ಹೋಗುತ್ತಾರೆ. ಖಾಲಿ ಜಾಗದಲ್ಲಿ ಮಕ್ಕಳ ದನಿಯನ್ನು ತುಂಬಿಸಿ, ಅಂ ಅಃ ಸೇರಿಸಿ 15 ಸ್ವರಗಳನ್ನೂ ಒಂದೇ ವಿಡಿಯೊದಲ್ಲಿ ಮುಗಿಸುವುದು ಒಳ್ಳೆಯದು.

ಶಿಶುವಿಹಾರದ ಶಿಕ್ಷಕಿ: ಮಕ್ಕಳ ದನಿ ಮೊದಲ ಸುತ್ತಿಗೆ ನಿಜಕ್ಕೂ ಒಳ್ಳೆಯದು ಸರ್, ಏನು ಮಾಡಬೇಕೆಂಬುದು ಅದರಿಂದ ತಿಳಿಯುತ್ತದೆ. ಎರಡನೆಯ ಸುತ್ತಿನಲ್ಲಿಯೂ ಅದು ಉಳಿದರೆ ಮಗುವಿನ ಸರದಿಯನ್ನು ಬೇರೆಯವರು ಕಸಿದುಕೊಂಡಂತೆ. ಅಂ ಅಃ ಯೋಗವಾಹಗಳು, ಸ್ವರಗಳಲ್ಲ. ಅದಿರಲಿ, ‘ಅಃ’ಗೆ ತೋರಿಸಲು ವಸ್ತುವಾದರೂ ಎಲ್ಲಿದೆ? ಒಂದು ವಿಡಿಯೊಗೆ ಒಂದು ಹ್ರಸ್ವ, ಅದರ ದೀರ್ಘ, ಅಷ್ಟೇ ಸಾಕು.

ಒಬ್ಬ ಅಜ್ಜಿ: ನಮ್ಮ ಮೊಮ್ಮಗಳಿಗೆ ಸ್ಲೇಟಿನ ಮೇಲೆ ‘ಋ’ ತಿದ್ದಿಸುವುದೇ ದೊಡ್ಡ ಕಷ್ಟವಾಗಿದೆ, ಸುಳಿ ಎತ್ತಲೋ ಹೋಗುತ್ತದೆ. ಋಷಿಯ ಚಿತ್ರ ತೋರಿಸಿದರೆ ‘ತಾತ’ ಎನ್ನುತ್ತಾಳೆ.

ಕೇಳಿದವರು: ಅಮ್ಮಾ, ಬರೆಯಿಸುವುದು ಈ ವಿಡಿಯೊದಲ್ಲಿ ಇಲ್ಲ. ಆದರೆ ‘ತಾತ’ ಎಂಬ ಮಾತು ನನಗೂ ತಾಗಿತು. ನಮ್ಮಲ್ಲಿ ‘ಎಲೆ’ ಗಿಡದಲ್ಲಿಯೇ ಇತ್ತು, ಮಕ್ಕಳು ‘ಗಿಡ’ ಎಂದರು. ಇನ್ನು ಬಿಳಿ ಹಿನ್ನೆಲೆಯಲ್ಲಿ ಒಂದೇ ಎಲೆಯನ್ನು ಇಡುತ್ತೇನೆ. ‘ಋ’ವನ್ನು ಬಿಟ್ಟುಬಿಡಬಹುದೇ?

ಶಿಶುವಿಹಾರದ ಶಿಕ್ಷಕಿ: ನಾನು ಬಿಡುತ್ತೇನೆ, ‘ರು’ ಎಂದೇ ಕೇಳಿಸುವ ಅಕ್ಷರವನ್ನು ಈ ವಯಸ್ಸಿಗೆ ಸ್ವರವೆಂದು ಕಿವಿಗೆ ಕೊಡುವುದು ಹೇಗೆ?

ಅನಿಮೇಷನ್ ಮಾಡುವವರು: ಬಿಟ್ಟರೆ ‘ಒಂದು ಅಕ್ಷರ ಎಲ್ಲಿ ಹೋಯಿತು’ ಎಂದು ಪೋಷಕರು ಕೇಳದೆ ಇರುವುದಿಲ್ಲ. ನಾನಂತೂ ಉಳಿಸಿಕೊಳ್ಳುತ್ತೇನೆ.